ಬಿಣಗಾದ ಕಾರ್ಖಾನೆ ಯಾವ ವಲಯದ್ದು? ಹತ್ತು ವ್ಯವಹಾರಗಳ ಕಂಪನಿಗೆ ಒಂದು ಖಾನೆ ಹುಡುಕುವ ಕ್ರಮ

ಕಾರವಾರದಿಂದ ಅಂಕೋಲೆಯ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ಊರು ದಾಟುತ್ತಿದ್ದಂತೆ ಬಿಣಗಾದ ರಾಸಾಯನಿಕ ಕಾರ್ಖಾನೆ ಸಿಗುತ್ತದೆ. ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಕಾಸ್ಟಿಕ್ ಸೋಡಾ ಮತ್ತು ಕ್ಲೋರಿನ್ ತಯಾರಿಸುವ ಜಾಗ ಅದು. ಹಿಂದೆ ಬೇರೆಯವರ ಕೈಯಲ್ಲಿದ್ದ ಈ ಕಾರ್ಖಾನೆ ಆದಿತ್ಯ ಬಿರ್ಲಾ ಸಮೂಹಕ್ಕೆ ಬಂದು, 2016ರ ವಿಲೀನದ ನಂತರ ಗ್ರಾಸಿಮ್ ಇಂಡಸ್ಟ್ರೀಸ್‌ನ ಭಾಗವಾಯಿತು. ಹೀಗಾಗಿ ಕಾರವಾರದವರಿಗೆ ಗ್ರಾಸಿಮ್ ಎಂದರೆ ಕೆಮಿಕಲ್ ಕಂಪನಿ. ಹರಿಹರದ ಬಳಿಯ ಕುಮಾರಪಟ್ಟಣಂನವರನ್ನು ಕೇಳಿ, ಅದು ನಾರಿನ ಕಂಪನಿ ಎನ್ನುತ್ತಾರೆ. ಷೇರು ಪೇಟೆಯ ಪಟ್ಟಿ ತೆರೆದರೆ ಅದೇ ಕಂಪನಿ ‘ನಿರ್ಮಾಣ ಸಾಮಗ್ರಿ’ಯ ಸಾಲಿನಲ್ಲಿ, ಅಂದರೆ ಸಿಮೆಂಟ್ ಕಂಪನಿಗಳ ಜೊತೆ ಕುಳಿತಿರುತ್ತದೆ.

ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ನಿಮ್ಮ ಷೇರುಗಳ ಪಟ್ಟಿಯಲ್ಲಿ ‘ವಲಯ’ ಎಂಬ ಒಂದು ಕಾಲಂ ಇದ್ದು, ಅದರಲ್ಲಿ ಒಂದೇ ಹೆಸರು ಬರೆಯಬೇಕಾದಾಗ ಮಾತ್ರ ತೊಡಕು ಎದುರಾಗುತ್ತದೆ. ಆ ಒಂದು ಹೆಸರನ್ನು ಲೆಕ್ಕ ಹಾಕಿ ಹೇಗೆ ತಲುಪುವುದು ಎಂಬುದನ್ನು ಗ್ರಾಸಿಮ್‌ನ 2023-24ರ ಅಂಕಿಗಳನ್ನೇ ಇಟ್ಟುಕೊಂಡು ಇಲ್ಲಿ ಬರೆದಿದ್ದೇನೆ. ಬೇರೆ ಕಂಪನಿಗೂ ಬೇರೆ ವರ್ಷಕ್ಕೂ ಕ್ರಮ ಇದೇ. ಇದು ಷೇರು ಕೊಳ್ಳುವ ಸಲಹೆಯಲ್ಲ.

ಮೊದಲ ಹೆಜ್ಜೆ: ಯಾವುದಕ್ಕೆ ಹೆಸರಿಡುತ್ತಿದ್ದೀರಿ?

ಕಾರ್ಖಾನೆಗೋ, ಕಂಪನಿಗೋ, ಅದರ ಅಂಗಸಂಸ್ಥೆಗಳೂ ಸೇರಿದ ಇಡೀ ಬಳಗಕ್ಕೋ? ಇದನ್ನು ತೀರ್ಮಾನಿಸದೆ ಮುಂದೆ ಹೋದರೆ ಆಮೇಲಿನ ಲೆಕ್ಕವೆಲ್ಲ ದಾರಿ ತಪ್ಪುತ್ತದೆ.

ಸರ್ಕಾರದ ವಾರ್ಷಿಕ ಕೈಗಾರಿಕಾ ಸಮೀಕ್ಷೆಯಲ್ಲಿ ಎಣಿಕೆಯ ಘಟಕ ಕಾರ್ಖಾನೆ. ಅಲ್ಲಿ ಬಿಣಗಾದ ಘಟಕ ಯಾರ ಒಡೆತನದಲ್ಲಿದ್ದರೂ ರಾಸಾಯನಿಕ ತಯಾರಿಕೆಯೇ. ಜಿಲ್ಲೆಯ ಕೈಗಾರಿಕೆಗಳ ಬಗ್ಗೆ ಬರೆಯುವವರಿಗೆ ಅಷ್ಟು ಸಾಕು. ಷೇರು ಇಟ್ಟುಕೊಂಡವರಿಗೆ ಅದು ಸಾಲದು, ಏಕೆಂದರೆ ಅವರ ಕೈಯಲ್ಲಿರುವುದು ಇಡೀ ಬಳಗದ ಒಂದು ಚೂರು.

ಕಂಪನಿ ಮತ್ತು ಬಳಗದ ನಡುವಿನ ವ್ಯತ್ಯಾಸ ಗ್ರಾಸಿಮ್‌ನಲ್ಲಿ ಎದ್ದು ಕಾಣುತ್ತದೆ. ವಾರ್ಷಿಕ ವರದಿಯಲ್ಲಿ ಎರಡು ಲೆಕ್ಕಪತ್ರಗಳಿರುತ್ತವೆ. ಸ್ಟ್ಯಾಂಡ್‌ಅಲೋನ್ ಲೆಕ್ಕದಲ್ಲಿ ಗ್ರಾಸಿಮ್ ನೇರವಾಗಿ ನಡೆಸುವ ವ್ಯವಹಾರಗಳಷ್ಟೇ ಬರುತ್ತವೆ: ವಿಸ್ಕೋಸ್ ನಾರು, ರಾಸಾಯನಿಕ, ಬಟ್ಟೆ, ಹೊಸದಾಗಿ ಬಣ್ಣ. ಅದರಲ್ಲಿ ವಿಸ್ಕೋಸ್‌ನ ಪಾಲೇ ಅರ್ಧಕ್ಕಿಂತ ಹೆಚ್ಚು, ಸಿಮೆಂಟ್ ಇಲ್ಲವೇ ಇಲ್ಲ. ಕನ್ಸಾಲಿಡೇಟೆಡ್ ಲೆಕ್ಕಕ್ಕೆ ಬಂದರೆ ಅಂಗಸಂಸ್ಥೆಗಳಾದ ಅಲ್ಟ್ರಾಟೆಕ್ ಸಿಮೆಂಟ್ ಮತ್ತು ಸಾಲ-ವಿಮೆಯ ವ್ಯವಹಾರ ನಡೆಸುವ ಆದಿತ್ಯ ಬಿರ್ಲಾ ಕ್ಯಾಪಿಟಲ್ ಸೇರಿಕೊಂಡು ಚಿತ್ರವೇ ಬೇರೆಯಾಗುತ್ತದೆ. ಗ್ರಾಸಿಮ್‌ನ ಸಿಮೆಂಟ್ ವ್ಯವಹಾರ 2010ರಲ್ಲಿ ಅಲ್ಟ್ರಾಟೆಕ್‌ಗೆ ಹೋಯಿತು. ಆಮೇಲೆ ಸ್ಟ್ಯಾಂಡ್‌ಅಲೋನ್ ಪುಟದಲ್ಲಿ ಸಿಮೆಂಟ್ ಹುಡುಕಿ ಸಿಗದೆ ‘ಇದು ಜವಳಿ ಕಂಪನಿ’ ಎಂದು ಬರೆದುಕೊಂಡವರಿದ್ದಾರೆ. ಷೇರಿನ ಬೆಲೆ ಕಟ್ಟುವುದು ಇಡೀ ಬಳಗವನ್ನು ನೋಡಿ. ಆದ್ದರಿಂದ ಷೇರುದಾರ ಕನ್ಸಾಲಿಡೇಟೆಡ್ ಲೆಕ್ಕವನ್ನೇ ಹಿಡಿಯಬೇಕು.

ಎರಡನೆಯದು: ಹೆಸರನ್ನೂ ನೋಂದಣಿ ಸಂಖ್ಯೆಯನ್ನೂ ನಂಬಬೇಡಿ

ಪ್ರತಿ ಕಂಪನಿಗೂ 21 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ. ಗ್ರಾಸಿಮ್‌ನದು L17124MP1947PLC000410. ಮೊದಲ ಅಕ್ಷರ ಷೇರು ಪೇಟೆಯಲ್ಲಿ ನೋಂದಾಯಿತ ಎನ್ನುತ್ತದೆ, ಮುಂದಿನ ಐದು ಅಂಕಿ ಉದ್ಯಮವನ್ನು ಹೇಳುತ್ತವೆ, ಆಮೇಲೆ ರಾಜ್ಯ ಮಧ್ಯಪ್ರದೇಶ, ಹುಟ್ಟಿದ ವರ್ಷ 1947. ಐದು ಅಂಕಿಯ ಉದ್ಯಮ ಸಂಕೇತ ಕೈಯಲ್ಲೇ ಇರುವಾಗ ಇನ್ನೇನು ಬೇಕು ಎಂದು ಅನ್ನಿಸುವುದು ಸಹಜ.

ಆದರೆ ಆ ಸಂಕೇತ ಹಳೆಯದು, ಅದನ್ನು ಬರೆದ ಪಟ್ಟಿಯೂ ಹಳೆಯದು. ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣದ 2004ರ ಆವೃತ್ತಿಯಲ್ಲಿ 17 ಎಂದರೆ ಜವಳಿ. 2008ರ ಆವೃತ್ತಿಯಲ್ಲಿ ಜವಳಿ 13ಕ್ಕೆ ಹೋಯಿತು, 17 ಕಾಗದಕ್ಕೆ ಬಂತು. ಈಗಿನ ಪಟ್ಟಿ ಹಿಡಿದು ಗ್ರಾಸಿಮ್‌ನ ಸಂಖ್ಯೆ ಓದಿದರೆ ಅದು ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ನ ಪಕ್ಕದಲ್ಲಿ ಕಾಗದದ ಕಂಪನಿಯಾಗಿ ಬಂದು ಕೂರುತ್ತದೆ! ಸಾವಿರಾರು ಕಂಪನಿಗಳನ್ನು ಒಂದೇ ಏಟಿಗೆ ವಿಂಗಡಿಸಲು ಈ ಸಂಕೇತ ಬಳಸುವವರು ಇಂಥ ತಪ್ಪನ್ನು ಕಾಣುವುದೇ ಇಲ್ಲ. ಹಲವು ವ್ಯವಹಾರಗಳ ಸಮೂಹಕ್ಕಂತೂ ಇದರಿಂದ ಏನೂ ಪ್ರಯೋಜನವಿಲ್ಲ.

ಮೂರನೆಯದು: ವಿಭಾಗವಾರು ಟಿಪ್ಪಣಿ

ಬೇಕಾದ ಅಂಕಿಗಳೆಲ್ಲ ವಾರ್ಷಿಕ ವರದಿಯ ಕನ್ಸಾಲಿಡೇಟೆಡ್ ಲೆಕ್ಕದ ಹಿಂದಿರುವ ‘ಸೆಗ್ಮೆಂಟ್’ ಟಿಪ್ಪಣಿಯಲ್ಲಿರುತ್ತವೆ. ಭಾರತೀಯ ಲೆಕ್ಕಪತ್ರ ಮಾನದಂಡ 108ರ ಪ್ರಕಾರ ವರಮಾನದಲ್ಲೋ ಲಾಭದಲ್ಲೋ ಆಸ್ತಿಯಲ್ಲೋ 10 ಪ್ರತಿಶತ ಮುಟ್ಟುವ ವಿಭಾಗವನ್ನು ಕಂಪನಿ ಬೇರೆಯಾಗಿ ತೋರಿಸಬೇಕು. ಹೀಗೆ ತೋರಿಸಿದ ವಿಭಾಗಗಳು ಹೊರಗಿನ ವರಮಾನದ ಕನಿಷ್ಠ 75 ಪ್ರತಿಶತವನ್ನು ಒಳಗೊಳ್ಳಬೇಕು. ಉಳಿದದ್ದೆಲ್ಲ ‘ಇತರೆ’. ವಿಭಾಗಗಳನ್ನು ಹೇಗೆ ಕತ್ತರಿಸಬೇಕೆಂಬುದನ್ನು ಮಾತ್ರ ಕಂಪನಿಯ ಮೇಲಿನವರು ತಮ್ಮ ಆಡಳಿತದ ಅನುಕೂಲ ನೋಡಿ ನಿರ್ಧರಿಸುತ್ತಾರೆ, ಷೇರು ಪೇಟೆಯ ಪಟ್ಟಿಯನ್ನು ನೋಡಿ ಅಲ್ಲ. ಹಾಗಾಗಿ ‘ಇತರೆ’ ತೀರಾ ದಪ್ಪವಾಗಿದ್ದರೆ ಅದನ್ನು ಬಿಚ್ಚಲೇಬೇಕು. ಅದಕ್ಕೆ ಎಒಸಿ-1 ಎಂಬ ನಮೂನೆ ನೆರವಾಗುತ್ತದೆ. ಪ್ರತಿ ಅಂಗಸಂಸ್ಥೆಯ ವಹಿವಾಟು, ಲಾಭ, ಒಡೆತನದ ಪಾಲು ಮೂರೂ ಅದರಲ್ಲಿ ಒಂದೇ ಸಾಲಿನಲ್ಲಿರುತ್ತವೆ. ವರದಿಯ ಆ ಪುಟವನ್ನು ತಿರುವಿ ನೋಡುವವರು ಕಡಿಮೆ.

ಟಿಪ್ಪಣಿಯಿಂದ ಅಂಕಿ ಎತ್ತಿಕೊಳ್ಳುವಾಗ ಎರಡು ಕಡೆ ಎಚ್ಚರ ಬೇಕು.

ಒಂದು, ವಿಭಾಗದಿಂದ ವಿಭಾಗಕ್ಕೆ ಆಗುವ ಮಾರಾಟ. ವಿಸ್ಕೋಸ್ ನಾರು ಮಾಡಲು ಕಾಸ್ಟಿಕ್ ಸೋಡಾ ಬೇಕು. ಗ್ರಾಸಿಮ್‌ನ ರಾಸಾಯನಿಕ ವಿಭಾಗ ತನ್ನದೇ ಕಂಪನಿಯ ನಾರಿನ ವಿಭಾಗಕ್ಕೆ ಅದನ್ನು ಕೊಡುತ್ತದೆ. ಆ ಮೊತ್ತ ವಿಭಾಗದ ವರಮಾನದಲ್ಲಿ ಸೇರಿರುತ್ತದೆ, ಕೊನೆಯ ಸಾಲಿನಲ್ಲಿ ಕಳೆದುಹೋಗುತ್ತದೆ. ಸಾಧ್ಯವಿದ್ದಲ್ಲಿ ಹೊರಗಿನವರಿಗೆ ಮಾರಿದ್ದನ್ನಷ್ಟೇ ಬರೆದುಕೊಳ್ಳಿ.

ಇನ್ನೊಂದು ಹೆಚ್ಚು ಸೂಕ್ಷ್ಮವಾದದ್ದು. ‘ವರಮಾನ’ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಬೇರೆ ಬೇರೆ ಜಾತಿಯ ಹಣ ಇರುತ್ತದೆ. ಶಿರಸಿ ಕಡೆಯ ಯಾವುದಾದರೂ ಅಡಿಕೆ ಮಾರಾಟ ಸಂಘವನ್ನು ಕಣ್ಣ ಮುಂದೆ ತಂದುಕೊಳ್ಳಿ. ಲೆಕ್ಕಕ್ಕಾಗಿ, ವರ್ಷದಲ್ಲಿ 100 ಕೋಟಿಯ ಅಡಿಕೆ ಅದರ ಟೆಂಡರ್‌ನಲ್ಲಿ ಮಾರಾಟವಾಗಿ ಸಂಘಕ್ಕೆ 2 ಕೋಟಿ ಕಮಿಷನ್ ಉಳಿಯಿತು ಎಂದಿಟ್ಟುಕೊಳ್ಳೋಣ. ಪಕ್ಕದಲ್ಲೇ ಅದರ ಸೂಪರ್ ಮಾರ್ಕೆಟ್ 30 ಕೋಟಿಯ ಮಾಲು ಮಾರಿ 3 ಕೋಟಿ ಉಳಿಸಿಕೊಂಡಿತು. ವಹಿವಾಟು ನೋಡಿದರೆ ಅದು ಮುಕ್ಕಾಲು ಪಾಲು ಅಡಿಕೆಯ ಸಂಘ. ಕಮಿಷನ್ ಮಾತ್ರ ವರಮಾನ ಎಂದು ಹಿಡಿದರೆ 32 ಕೋಟಿಯಲ್ಲಿ 30 ಕೋಟಿ ಕಿರಾಣಿಯದು. ಉಳಿದ ಹಣ ನೋಡಿದರೆ ಐದರಲ್ಲಿ ಎರಡು ಪಾಲು ಅಡಿಕೆ, ಮೂರು ಪಾಲು ಅಂಗಡಿ. ಅಡಿಕೆ ರೈತರದು, ಸಂಘ ಮಧ್ಯಸ್ಥ. ಕಿರಾಣಿ ಮಾಲು ಸಂಘದ ಸ್ವಂತದ್ದು. ಲೆಕ್ಕಪತ್ರದ ನಿಯಮಗಳೂ ಈ ವ್ಯತ್ಯಾಸವನ್ನು ಒಪ್ಪಿ, ಮಧ್ಯಸ್ಥನಾದವನು ಕಮಿಷನ್ ಮಾತ್ರ ತೋರಿಸಬೇಕು ಎನ್ನುತ್ತವೆ.

ಗ್ರಾಸಿಮ್‌ನಲ್ಲಿ ಈ ಪ್ರಶ್ನೆ ಹಣಕಾಸು ವಿಭಾಗದಲ್ಲಿ ಬರುತ್ತದೆ. ಸಾಲದ ಮೇಲೆ ಬಂದ ಬಡ್ಡಿ ಪೂರ್ತಿ ವರಮಾನ, ಆ ಸಾಲ ಕೊಡಲು ತಾವು ತೆತ್ತ ಬಡ್ಡಿ ವೆಚ್ಚ. ಜೀವವಿಮೆಯ ಕಂತಾಗಿ ಬಂದ ಹಣವೂ ವರಮಾನವೇ, ಅದರ ಬಹುಪಾಲು ಮುಂದೊಂದು ದಿನ ಪಾಲಿಸಿದಾರರಿಗೆ ಹಿಂದಿರುಗಬೇಕಾದದ್ದಾದರೂ. ಒಂದು ಮೂಟೆ ಸಿಮೆಂಟ್ ಮಾರಿ ಬಂದ ರೂಪಾಯಿ ಮತ್ತು ವಿಮೆಯ ಕಂತಾಗಿ ಬಂದ ರೂಪಾಯಿ ಒಂದೇ ತೂಕದವಲ್ಲ. ಇದಕ್ಕೆ ಈ ಹಂತದಲ್ಲಿ ಪರಿಹಾರ ಹುಡುಕುವ ಅಗತ್ಯವಿಲ್ಲ. ಅಂಚಿನಲ್ಲಿ ಒಂದು ಗುರುತು ಹಾಕಿಕೊಂಡರೆ ಸಾಕು.

ನಾಲ್ಕನೆಯದು: ಅರವತ್ತು, ಆಮೇಲೆ ಅರ್ಧ

2023-24ರಲ್ಲಿ ಗ್ರಾಸಿಮ್‌ನ ಕನ್ಸಾಲಿಡೇಟೆಡ್ ವರಮಾನ ಸುಮಾರು 1.31 ಲಕ್ಷ ಕೋಟಿ ರೂಪಾಯಿ. ಸಾವಿರ ಕೋಟಿಗಳಲ್ಲಿ ಹಂಚಿಕೆ ಹೀಗಿದೆ. ಸಿಮೆಂಟಿನದು ಅಲ್ಟ್ರಾಟೆಕ್‌ನ ಅಂಕಿ. ಕೊನೆಯ ಸಾಲು ಒಳಗಿನ ಮಾರಾಟ ಕಳೆದ ಮೇಲಿನ ಶಿಲ್ಕು.

| ವಿಭಾಗ | ವರಮಾನ | ಪಾಲು (%) |
|---|---|---|
| ಸಿಮೆಂಟ್ | 70.9 | 54 |
| ಹಣಕಾಸು | 34 | 26 |
| ವಿಸ್ಕೋಸ್ | 15.1 | 12 |
| ರಾಸಾಯನಿಕ | 8.2 | 6 |
| ಇತರೆ | 2.8 | 2 |

ಕಾರವಾರದವರು ಕಣ್ಣಾರೆ ಕಾಣುವ ವ್ಯವಹಾರ ಇಡೀ ಬಳಗದ ನೂರರಲ್ಲಿ ಆರು ಪಾಲು.

ಈಗ ನಿಯಮ. ಷೇರು ಸೂಚ್ಯಂಕಗಳನ್ನು ರೂಪಿಸುವ ಎಂಎಸ್‌ಸಿಐ ಮತ್ತು ಎಸ್ ಆ್ಯಂಡ್ ಪಿ ಸಂಸ್ಥೆಗಳು 1999ರಲ್ಲಿ ರೂಪಿಸಿದ ಜಿಐಸಿಎಸ್ ಎಂಬ ಜಾಗತಿಕ ವರ್ಗೀಕರಣದಲ್ಲಿ ಮೆಟ್ಟಿಲುಗಳು ಸ್ಪಷ್ಟವಾಗಿವೆ. ಯಾವುದಾದರೂ ಒಂದು ವ್ಯವಹಾರದಿಂದ ವರಮಾನದ 60 ಪ್ರತಿಶತ ಅಥವಾ ಹೆಚ್ಚು ಬಂದರೆ ಕಂಪನಿ ಆ ಖಾನೆಗೆ. ಬಾರದಿದ್ದರೆ, ವರಮಾನ ಮತ್ತು ಲಾಭ ಎರಡರಲ್ಲೂ ಅರ್ಧಕ್ಕಿಂತ ಹೆಚ್ಚು ಕೊಡುವ ವ್ಯವಹಾರದ ಖಾನೆಗೆ. ಅದೂ ಆಗದಿದ್ದರೆ ಹೆಚ್ಚಿನ ಪರಿಶೀಲನೆ. ನಮ್ಮ ಮನೆಯ ಪಟ್ಟಿಗೂ ಇದೇ ಮೆಟ್ಟಿಲು ಸಾಕು. ಹೊಸ ನಿಯಮ ಕಟ್ಟುವ ಉತ್ಸಾಹ ಬೇಡ. ಕಟ್ಟಿದವರೆಲ್ಲ ಕೊನೆಗೆ ತಮಗೆ ಬೇಕಾದ ಉತ್ತರ ಬರುವಂತೆಯೇ ಕಟ್ಟಿರುತ್ತಾರೆ.

ದಾಂಡೇಲಿಯ ಕಾಗದ ಕಂಪನಿ ಮೊದಲ ಮೆಟ್ಟಿಲಲ್ಲೇ ಮುಗಿಯುತ್ತದೆ. ಅದಕ್ಕೆ ಕೇಬಲ್‌ಗಳ ವಿಭಾಗವೂ ಇದೆ, ಆದರೆ ವರಮಾನದ ಬಹುದೊಡ್ಡ ಪಾಲು ಕಾಗದದ್ದೇ. ಎರಡು ವಿಭಾಗ ಕಂಡ ಕೂಡಲೇ ‘ವೈವಿಧ್ಯಮಯ’ ಎಂದು ಬರೆಯುವ ಚಪಲ ಇರುವವರಿಗಾಗಿ ಈ ಮಾತು.

ಗ್ರಾಸಿಮ್ 54ರಲ್ಲಿ ನಿಲ್ಲುತ್ತದೆ. ಅರವತ್ತು ದಾಟಲಿಲ್ಲ, ಎರಡನೆಯ ಮೆಟ್ಟಿಲಿಗೆ ಲಾಭ ಬೇಕು. ಬಡ್ಡಿ, ತೆರಿಗೆ, ಸವಕಳಿಗೆ ಮುಂಚಿನ ಲಾಭ ಆ ವರ್ಷ ಬಳಗದ್ದು ಸುಮಾರು 20.8 ಸಾವಿರ ಕೋಟಿ, ಅಲ್ಟ್ರಾಟೆಕ್‌ನದು ಸುಮಾರು 13.6 ಸಾವಿರ ಕೋಟಿ. ಅಂದರೆ ಮೂರರಲ್ಲಿ ಎರಡು ಪಾಲಿನ ಹತ್ತಿರ. ವರಮಾನದಲ್ಲೂ ಲಾಭದಲ್ಲೂ ಅರ್ಧ ದಾಟಿತು, ಸಿಮೆಂಟ್ ಖಾನೆ ಗಟ್ಟಿಯಾಯಿತು.

ಲಾಭದ ಅಂಕಿಯಲ್ಲೂ ಒಂದು ಕೊಕ್ಕೆ ಇದೆ. ಸಿಮೆಂಟ್, ನಾರು, ರಾಸಾಯನಿಕಗಳ ಲಾಭವನ್ನು ಸಾಲದ ಬಡ್ಡಿ ಕಳೆಯುವ ಮೊದಲು ತೋರಿಸುತ್ತಾರೆ. ಹಣಕಾಸು ವ್ಯವಹಾರಕ್ಕೆ ಬಡ್ಡಿಯೇ ಕಚ್ಚಾ ಮಾಲು, ಆದ್ದರಿಂದ ಅದನ್ನು ಕಳೆದೇ ತೋರಿಸುತ್ತಾರೆ. ಹಣಕಾಸಿನ ಪಾಲು ಹೀಗೆ ಸ್ವಲ್ಪ ಚಿಕ್ಕದಾಗಿ ಕಾಣುತ್ತದೆ. ಗ್ರಾಸಿಮ್‌ನಲ್ಲಿ ಸಿಮೆಂಟ್ ಸಾಕಷ್ಟು ಮುಂದಿರುವುದರಿಂದ ಉತ್ತರ ಬದಲಾಗುವುದಿಲ್ಲ. 51-49ರ ಹಣಾಹಣಿ ಇದ್ದ ಕಡೆ ಬದಲಾಗಬಹುದು.

ಕುಮಟೆಯ ನಿವೃತ್ತ ಬ್ಯಾಂಕ್ ಮ್ಯಾನೇಜರರೊಬ್ಬರು ಈ ಕ್ರಮ ಕೇಳಿ, ‘ಆಸ್ತಿ ನೋಡಿ ಮಾರಾಯರೇ, ದುಡ್ಡು ಎಲ್ಲಿ ಹೂಡಿದ್ದಾರೋ ಅದೇ ನಿಜವಾದ ವ್ಯವಹಾರ’ ಎಂದು ವಾದಿಸಿದರು. ಕಾರ್ಖಾನೆಗಳಷ್ಟೇ ಇರುವ ಕಂಪನಿಗೆ ಅವರ ಮಾತು ಒಪ್ಪಬಹುದು. ಸಾಲ ಕೊಡುವ ಅಂಗಸಂಸ್ಥೆ ಒಳಗೆ ಬಂದ ಕೂಡಲೇ ಈ ಅಳತೆಗೋಲು ಮುರಿಯುತ್ತದೆ. ಆದಿತ್ಯ ಬಿರ್ಲಾ ಕ್ಯಾಪಿಟಲ್ ಕೊಟ್ಟ ಸಾಲವೇ ಲಕ್ಷ ಕೋಟಿ ದಾಟಿದೆ, ಮೇಲೆ ವಿಮೆಯ ಹೂಡಿಕೆಗಳು. ದೇಶದ ಅತಿ ದೊಡ್ಡ ಸಿಮೆಂಟ್ ಕಂಪನಿಯ ಗೂಡು, ಗಣಿ, ಜೆಟ್ಟಿ ಎಲ್ಲ ಸೇರಿಸಿದರೂ ಅದಕ್ಕೆ ಸಾಟಿಯಾಗುವುದಿಲ್ಲ. ಆಸ್ತಿ ನೋಡಿದರೆ ಗ್ರಾಸಿಮ್ ಹಣಕಾಸು ಕಂಪನಿ ಎನ್ನಬೇಕಾಗುತ್ತದೆ, ಆದರೆ ಆ ಆಸ್ತಿಯ ಬಹುಭಾಗದ ಎದುರಿಗೆ ಬೇರೆಯವರಿಂದ ತಂದ ಸಾಲ ನಿಂತಿದೆ. ಮ್ಯಾನೇಜರರು ಒಪ್ಪಲಿಲ್ಲ, ಆ ಮಾತು ಬೇರೆ.

ಐದನೆಯದು: ಮೇಲಿನ ಮಟ್ಟದಿಂದಲೂ ಒಮ್ಮೆ ಕೂಡಿಸಿ

ವರ್ಗೀಕರಣದ ಪಟ್ಟಿಗಳು ಹಂತ ಹಂತವಾಗಿರುತ್ತವೆ. ನಮ್ಮ ರಾಷ್ಟ್ರೀಯ ಷೇರು ಪೇಟೆಯ ಪಟ್ಟಿಯಲ್ಲಿ ನಾಲ್ಕು ಹಂತಗಳಿವೆ. ಮೇಲೆ ದೊಡ್ಡ ಆರ್ಥಿಕ ವಲಯಗಳು, ಕೆಳಗೆ ಹೋದಂತೆ ಸಣ್ಣ ಸಣ್ಣ ಉದ್ಯಮಗಳು. ತಳದ ಖಾನೆಯಲ್ಲಿ ಯಾವುದೂ ಗೆಲ್ಲದಿದ್ದಾಗ ಮೇಲಿನ ಖಾನೆಯಲ್ಲಿ ಕೂಡಿಸಿ ನೋಡಬೇಕು.

ಆ ಪಟ್ಟಿಯಲ್ಲಿ ನಿರ್ಮಾಣ ಸಾಮಗ್ರಿ, ರಾಸಾಯನಿಕ, ಲೋಹ ಮತ್ತು ಗಣಿ, ಅರಣ್ಯ ಮೂಲದ ಸಾಮಗ್ರಿ ಈ ನಾಲ್ಕೂ ‘ಕಮಾಡಿಟೀಸ್’ ಎಂಬ ಒಂದೇ ಮೇಲ್ಖಾನೆಯ ಮಕ್ಕಳು. ಗ್ರಾಸಿಮ್‌ನ ಸಿಮೆಂಟ್ 54, ರಾಸಾಯನಿಕ 6, ಕೂಡಿದರೆ 60. ತಳದಲ್ಲಿ ತಪ್ಪಿದ ಗಡಿ ಮೇಲಿನ ಹಂತದಲ್ಲಿ ಸಿಕ್ಕಿತು. ಬಿಣಗಾದ ಕಾಸ್ಟಿಕ್ ಸೋಡಾಕ್ಕೆ ಲೆಕ್ಕದಲ್ಲಿ ಸಿಗುವ ಮಹತ್ವ ಇದೇ: ಒಂಟಿಯಾಗಿ ಅದು ಏನನ್ನೂ ತೀರ್ಮಾನಿಸುವುದಿಲ್ಲ, ಸಿಮೆಂಟಿನ ಜೊತೆ ನಿಂತಾಗ ತಕ್ಕಡಿಯನ್ನು ಅರವತ್ತಕ್ಕೆ ಮುಟ್ಟಿಸುತ್ತದೆ.

ಸರ್ಕಾರಿ ಅಂಕಿಅಂಶದವರೂ ಹೀಗೆಯೇ ಮೇಲಿನಿಂದ ಕೆಳಗೆ ಬರುತ್ತಾರೆ. ವಿಶ್ವಸಂಸ್ಥೆಯ ಕೈಗಾರಿಕಾ ವರ್ಗೀಕರಣದ ಪ್ರಕಾರ ಮೊದಲು ಅತಿ ಹೆಚ್ಚು ಮೌಲ್ಯ ಸೇರಿಸುವ ದೊಡ್ಡ ವಿಭಾಗವನ್ನು ಆರಿಸಿ, ಅದರೊಳಗೆ ಅತಿ ದೊಡ್ಡ ಉಪವಿಭಾಗವನ್ನು, ಹೀಗೆ ತಳಕ್ಕೆ ಇಳಿಯುತ್ತಾರೆ. ಇದರ ಫಲ ಕೆಲವೊಮ್ಮೆ ವಿಚಿತ್ರವಾಗಿ ಕಾಣುತ್ತದೆ. ಒಂದು ಕಂಪನಿಯಲ್ಲಿ ಸಗಟು ವ್ಯಾಪಾರ 40, ಮೂರು ಬಗೆಯ ತಯಾರಿಕೆ ತಲಾ 20 ಇದ್ದರೆ, ತಯಾರಿಕೆ ಒಟ್ಟಿಗೆ 60 ಆಗಿ ಗೆಲ್ಲುತ್ತದೆ. ಒಂಟಿಯಾಗಿ ಅತಿ ದೊಡ್ಡದಾಗಿದ್ದ ವ್ಯಾಪಾರ ಸೋಲುತ್ತದೆ. ನನಗೆ ಈ ಕ್ರಮ ಸರಿ ಎನಿಸುತ್ತದೆ. ಮೂರು ಬಗೆಯ ಕಾರ್ಖಾನೆ ನಡೆಸುವವನನ್ನು ವ್ಯಾಪಾರಿ ಎನ್ನುವುದಕ್ಕಿಂತ ತಯಾರಕ ಎನ್ನುವುದೇ ವಾಸಿ.

ಆರನೆಯದು: ಒಡೆತನದ ಪಾಲು

ಹಲವು ಲೇಖನಗಳು ಬಿಟ್ಟುಬಿಡುವ, ನನ್ನ ಮಟ್ಟಿಗೆ ಅತಿ ಮುಖ್ಯವಾದ ಹಂತ ಇದು. ಕನ್ಸಾಲಿಡೇಟೆಡ್ ಲೆಕ್ಕದಲ್ಲಿ ಅಂಗಸಂಸ್ಥೆಯ ವರಮಾನವನ್ನು ಪೂರ್ತಿ ಸೇರಿಸುತ್ತಾರೆ, ಒಡೆತನ ಎಷ್ಟೇ ಇರಲಿ. 2024ರ ಮಾರ್ಚ್ ಹೊತ್ತಿಗೆ ಅಲ್ಟ್ರಾಟೆಕ್‌ನಲ್ಲಿ ಗ್ರಾಸಿಮ್‌ನ ಪಾಲು ಸುಮಾರು 57 ಪ್ರತಿಶತ, ಆದಿತ್ಯ ಬಿರ್ಲಾ ಕ್ಯಾಪಿಟಲ್‌ನಲ್ಲಿ ಸುಮಾರು 53 ಇತ್ತು. ಉಳಿದದ್ದು ಬೇರೆ ಷೇರುದಾರರದು. ನಾರು ಮತ್ತು ರಾಸಾಯನಿಕ ಪೂರ್ತಿ ಗ್ರಾಸಿಮ್‌ನದೇ.

ಒಡೆತನದ ಪ್ರಮಾಣದಲ್ಲಿ ಮತ್ತೆ ಲೆಕ್ಕ ಹಾಕೋಣ. ಸಿಮೆಂಟಿನ 70.9ರಲ್ಲಿ 57 ಪ್ರತಿಶತ ಎಂದರೆ 40.4. ಹಣಕಾಸಿನ 34ರಲ್ಲಿ 53 ಪ್ರತಿಶತ ಎಂದರೆ 18. ವಿಸ್ಕೋಸ್ 15.1, ರಾಸಾಯನಿಕ 8.2, ಇತರೆ 2.8 ಹಾಗೆಯೇ ಇರಲಿ. ಒಟ್ಟು 84.5. ಈಗ ಸಿಮೆಂಟ್ 48 ಪ್ರತಿಶತಕ್ಕೆ ಇಳಿಯಿತು, ಹಣಕಾಸು 21, ವಿಸ್ಕೋಸ್ 18, ರಾಸಾಯನಿಕ 10.

ಅರ್ಧ ಕೈಬಿಟ್ಟಿತು! ಷೇರುದಾರನ ಕಣ್ಣಿನಿಂದ ನೋಡಿದರೆ ಗ್ರಾಸಿಮ್‌ಗೆ ಒಂದೇ ಮುಖ್ಯ ವ್ಯವಹಾರ ಇಲ್ಲ. ಪೇಟೆಯ ಪಟ್ಟಿ ಮಾಡುವವರು ಈ ಲೆಕ್ಕಕ್ಕೆ ಹೋಗದೆ ಪ್ರಕಟಿತ ಕನ್ಸಾಲಿಡೇಟೆಡ್ ಅಂಕಿಯಲ್ಲೇ ನಿಲ್ಲುತ್ತಾರೆ, ಸಾವಿರಾರು ಕಂಪನಿಗಳಿಗೆ ಒಂದೇ ಅಳತೆ ಬೇಕಲ್ಲ. ಅದಕ್ಕೇ ನನ್ನ ಸಲಹೆ ಎರಡು ಕಾಲಂ ಇಡುವುದು. ‘ಖಾನೆ’ ಎಂಬ ಕಾಲಂನಲ್ಲಿ ಒಂದೇ ಹೆಸರು: ಸಿಮೆಂಟ್. ಬೇರೆ ಕಂಪನಿಗಳ ಜೊತೆ ಹೋಲಿಸಲು, ಸೂಚ್ಯಂಕದ ಪಟ್ಟಿಯೊಂದಿಗೆ ತಾಳೆ ನೋಡಲು ಅದು. ‘ಹಂಚಿಕೆ’ ಎಂಬ ಕಾಲಂನಲ್ಲಿ ಒಡೆತನದ ಪ್ರಮಾಣ: 48-21-18-10. ನಿಮ್ಮ ಉಳಿತಾಯ ಯಾವ ವಲಯಕ್ಕೆ ಎಷ್ಟು ವಾಲಿದೆ ಎಂದು ತಿಳಿಯಲು ಅದು. ಗ್ರಾಸಿಮ್‌ನಲ್ಲಿ ಲಕ್ಷ ರೂಪಾಯಿ ಇಟ್ಟವರು ಅದನ್ನು ಪೂರ್ತಿ ಸಿಮೆಂಟಿನ ಲೆಕ್ಕಕ್ಕೆ ಬರೆದರೆ, 52 ಸಾವಿರ ರೂಪಾಯಿಯ ಮಟ್ಟಿಗೆ ತಮ್ಮ ಪಟ್ಟಿಯನ್ನು ತಾವೇ ತಪ್ಪಾಗಿ ಓದುತ್ತಿದ್ದಾರೆ.

ಏಳನೆಯದು: ಯಾವುದೂ ಗೆಲ್ಲದಿದ್ದಾಗ

ರಿಲಯನ್ಸ್ ಇಂಡಸ್ಟ್ರೀಸ್ ಇಲ್ಲಿ ಒಳ್ಳೆಯ ಪರೀಕ್ಷೆ. 2023-24ರಲ್ಲಿ ತೈಲ ಸಂಸ್ಕರಣೆ ಮತ್ತು ಪೆಟ್ರೋರಾಸಾಯನಿಕದ ವಿಭಾಗ ವರಮಾನದಲ್ಲಿ ಅರ್ಧದ ಆಸುಪಾಸಿನಲ್ಲಿತ್ತು. ಸವಕಳಿಗೆ ಮುಂಚಿನ ಲಾಭದಲ್ಲಿ ಮಾತ್ರ ಅದರ ಪಾಲು ಸುಮಾರು 35, ಬೆನ್ನಿಗೇ ಡಿಜಿಟಲ್ ಸೇವೆ ಸುಮಾರು 32. ಎರಡನೆಯ ಮೆಟ್ಟಿಲನ್ನು ಅದು ಹತ್ತಲಾಗದು. ಆದರೂ ಪೇಟೆಯ ಪಟ್ಟಿಯಲ್ಲಿ ಅದು ತೈಲ ಮತ್ತು ಅನಿಲದ ಖಾನೆಯಲ್ಲೇ ಇದೆ. ಜಿಐಸಿಎಸ್ ನಿಯಮ ಇಂಥಲ್ಲಿ ಪೇಟೆ ಕಂಪನಿಯನ್ನು ಹೇಗೆ ನೋಡುತ್ತದೆ ಎಂಬುದಕ್ಕೂ ಬೆಲೆ ಕೊಡುತ್ತದೆ. ತೈಲದಿಂದ ಬರುವ ವರಮಾನವೇ ಆ ವರ್ಷ ಅತಿ ದೊಡ್ಡದಾಗಿತ್ತು, ಲಾಭದಲ್ಲೂ ಅದು ಕೂದಲೆಳೆಯಷ್ಟು ಮುಂದಿತ್ತು. ಖಾನೆ ಬದಲಿಸಲು ಆ ವರ್ಷದ ಅಂಕಿಗಳಲ್ಲಿ ಗಟ್ಟಿ ಕಾರಣ ಸಿಗುವುದಿಲ್ಲ.

ಐಟಿಸಿಯದು ಇದರ ತಿರುವುಮುರುವು. ವರಮಾನದಲ್ಲಿ ಸಿಗರೇಟಿನ ಜೊತೆ ಆಹಾರ, ಕಾಗದ, ಕೃಷಿ ವ್ಯಾಪಾರ ಎಲ್ಲ ಹಂಚಿಕೊಂಡಿವೆ, ಲಾಭದ ಮುಕ್ಕಾಲು ಭಾಗ ಸಿಗರೇಟಿನದು. ಜಾಗತಿಕ ಪಟ್ಟಿ ಅದನ್ನು ತಂಬಾಕಿನಲ್ಲಿ ಇಡುತ್ತದೆ, ನಮ್ಮ ಪೇಟೆ ದಿನಬಳಕೆಯ ಸರಕುಗಳ ವೈವಿಧ್ಯ ಖಾನೆಯಲ್ಲಿ. ನಾನಾದರೆ ಲಾಭದ ಮಾತು ಕೇಳುತ್ತೇನೆ, ತಂಬಾಕು ಎಂದೇ ಬರೆಯುತ್ತೇನೆ.

ಇವೆಲ್ಲ ದಾಟಿದ ಮೇಲೆ ಉಳಿಯುವುದು ‘ವೈವಿಧ್ಯ’ದ ಖಾನೆ. ಅಲ್ಲಿಗೆ ಕಳಿಸಲು ಜಿಐಸಿಎಸ್ ಕೇಳುವುದು ಎರಡು ಷರತ್ತು: ಮೂರು ಅಥವಾ ಹೆಚ್ಚು ವಲಯಗಳಲ್ಲಿ ಗಣನೀಯ ವ್ಯವಹಾರ ಇರಬೇಕು, ಯಾವುದೂ ವರಮಾನದಲ್ಲಾಗಲಿ ಲಾಭದಲ್ಲಾಗಲಿ ಅರ್ಧ ಮುಟ್ಟಬಾರದು. ಡಿಸಿಎಂ ಶ್ರೀರಾಮ್ ಇದಕ್ಕೆ ಹತ್ತಿರದ ಮಾದರಿ. ಸಕ್ಕರೆ, ಬಿಣಗಾದಲ್ಲಿ ಆಗುವಂಥದೇ ಕಾಸ್ಟಿಕ್ ಮತ್ತು ಕ್ಲೋರಿನ್, ಯೂರಿಯಾ, ಬಿತ್ತನೆ ಬೀಜ, ಕಿಟಕಿ-ಬಾಗಿಲು. ಪೇಟೆ ಅದನ್ನು ‘ಡೈವರ್ಸಿಫೈಡ್’ ಎಂದೇ ಗುರುತಿಸಿದೆ.

ಖಾನೆಯ ಜಾಗದಲ್ಲಿ ಒಂದು ವ್ಯತ್ಯಾಸ ನೆನಪಿಡಿ. ಜಿಐಸಿಎಸ್‌ನಲ್ಲಿ ಕಾರ್ಖಾನೆಗಳನ್ನು ನಡೆಸುವ ಸಮೂಹ ‘ಕೈಗಾರಿಕೆ’ ವಲಯದ ಒಳಗೆ ಬರುತ್ತದೆ, ಹಲವು ಕಂಪನಿಗಳ ಷೇರು ಹಿಡಿದು ಕೂತ ಸಮೂಹ ‘ಹಣಕಾಸು’ ವಲಯದ ಒಳಗೆ. ಅಂದರೆ ಸಕ್ಕರೆ-ಕಾಸ್ಟಿಕ್ ಮಾಡುವವನು ಯಂತ್ರ ತಯಾರಕರ ಸರಾಸರಿಯೊಳಗೆ ಬೆರೆತು ಅದನ್ನು ಕೆಡಿಸಬಹುದು. ನಮ್ಮ ಪೇಟೆಯ ಪಟ್ಟಿ ‘ಡೈವರ್ಸಿಫೈಡ್’ ಅನ್ನು ಅತಿ ಮೇಲಿನ ಹಂತದಲ್ಲೇ ಬೇರೆ ಮಾಡಿ ಈ ತೊಂದರೆ ತಪ್ಪಿಸಿದೆ. ಮನೆಯ ಪಟ್ಟಿಗೆ ಅದೇ ಒಳ್ಳೆಯದು. ಆ ಖಾನೆಯಲ್ಲಿರುವ ಕಂಪನಿಗಳನ್ನು ಒಂದಕ್ಕೊಂದು ಹೋಲಿಸುವ ಕೆಲಸಕ್ಕೆ ಮಾತ್ರ ಹೋಗಬೇಡಿ. ಒಂದರಲ್ಲಿ ಸಕ್ಕರೆ, ಇನ್ನೊಂದರಲ್ಲಿ ಅಂಟುಪಟ್ಟಿ; ಅವುಗಳ ಬೆಲೆ-ಗಳಿಕೆ ಅನುಪಾತದ ಸರಾಸರಿ ತೆಗೆದರೆ ಸಿಗುವ ಸಂಖ್ಯೆಗೆ ಅರ್ಥವಿಲ್ಲ.

ಕೊನೆಯದು: ಯಾವಾಗ ಬದಲಿಸುವುದು

ಒಂದೇ ವರ್ಷದ ಅಂಕಿಯ ಮೇಲೆ ಖಾನೆ ಕಟ್ಟಬೇಡಿ. ಕಾಸ್ಟಿಕ್ ಸೋಡಾದ ಬೆಲೆ ಒಂದು ವರ್ಷ ಏರಿದರೆ ರಾಸಾಯನಿಕದ ಲಾಭ ಉಬ್ಬುತ್ತದೆ, ಮರುವರ್ಷ ಇಳಿಯುತ್ತದೆ. ಮೂರು ವರ್ಷದ ಸಾಲು ಒಟ್ಟಿಗೆ ಇಟ್ಟು ನೋಡಿ. ಗ್ರಾಸಿಮ್‌ನಲ್ಲಿ ಸಿಮೆಂಟಿನ ವರಮಾನದ ಪಾಲು 2021-22ರಲ್ಲಿ 55, ಮುಂದಿನ ಎರಡು ವರ್ಷವೂ 54. ಇಷ್ಟು ನಿಶ್ಚಲವಾಗಿದ್ದರೆ ಧೈರ್ಯವಾಗಿ ಬರೆಯಬಹುದು. 48, 53, 49 ಎಂದು ಓಲಾಡುತ್ತಿದ್ದರೆ ಹಳೆಯ ಖಾನೆಯನ್ನೇ ಇರಿಸಿ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ.

ವಿಲೀನ, ವಿಭಜನೆ, ಮಾರಾಟ ಆದಾಗ ಮಾತ್ರ ಮೂರು ವರ್ಷ ಕಾಯುವುದು ಬೇಡ. ಗ್ರಾಸಿಮ್‌ನಲ್ಲಿ 2017ರಲ್ಲಿ ಆದಿತ್ಯ ಬಿರ್ಲಾ ನುವೊ ವಿಲೀನವಾದಾಗಲೇ ಹಣಕಾಸು ವ್ಯವಹಾರ ಒಳಗೆ ಬಂದದ್ದು. ಅದರ ಹಿಂದಿನ ಸರಾಸರಿಗೆ ಆಮೇಲೆ ಬೆಲೆಯಿಲ್ಲ. ಕಂಪನಿ ವಿಭಾಗಗಳ ಹೆಸರು ಬದಲಿಸಿದಾಗಲೂ, ಎರಡನ್ನು ಕೂಡಿಸಿ ಒಂದು ಮಾಡಿದಾಗಲೂ ಹಿಂದಿನ ವರ್ಷದ ಅಂಕಿಯನ್ನು ಹೊಸ ವರದಿಯಿಂದಲೇ ತೆಗೆದುಕೊಳ್ಳಿ. ಹೊಸ ವಿಂಗಡಣೆಗೆ ತಕ್ಕಂತೆ ಅಲ್ಲಿ ಅದನ್ನು ಮತ್ತೆ ಬರೆದಿರುತ್ತಾರೆ.

ಗ್ರಾಸಿಮ್‌ನಲ್ಲಿ ಮುಂದೆ ಕಣ್ಣಿಡಬೇಕಾದದ್ದು ಬಣ್ಣ. 2024ರ ಫೆಬ್ರವರಿಯಲ್ಲಿ ಬಿರ್ಲಾ ಓಪಸ್ ಹೆಸರಿನಲ್ಲಿ ಇಳಿಸಿದ ಈ ವ್ಯವಹಾರ ಮೇಲಿನ ಲೆಕ್ಕದಲ್ಲಿ ‘ಇತರೆ’ಯ ಒಳಗೆ ಅಡಗಿದೆ. ಅದು ಪೂರ್ತಿ ಗ್ರಾಸಿಮ್‌ನ ಸ್ವಂತದ್ದಾದ್ದರಿಂದ, ಬೆಳೆದ ಪ್ರತಿ ರೂಪಾಯಿಯೂ ಒಡೆತನದ ಹಂಚಿಕೆಯಲ್ಲಿ ಪೂರ್ತಿ ರೂಪಾಯಿಯಾಗಿಯೇ ಸೇರುತ್ತದೆ. ಸಿಮೆಂಟಿನ ರೂಪಾಯಿಯಂತೆ 57 ಪೈಸೆಯಾಗಿ ಅಲ್ಲ. ಆದ್ದರಿಂದ ‘ಖಾನೆ’ ಕಾಲಂ ಸಿಮೆಂಟ್ ಎಂದೇ ಉಳಿದಾಗಲೂ ‘ಹಂಚಿಕೆ’ ಕಾಲಂ ಬದಲಾಗುತ್ತಾ ಹೋಗಬಹುದು. ವಾರ್ಷಿಕ ವರದಿ ಮಳೆಗಾಲದಲ್ಲಿ ಬರುತ್ತದೆ. ಸೆಗ್ಮೆಂಟ್ ಟಿಪ್ಪಣಿಯ ಐದು ಸಾಲು ಮತ್ತು ಎಒಸಿ-1ರ ಎರಡು ಒಡೆತನದ ಪಾಲು ತೆಗೆದು ಮೇಲಿನ ಎರಡೂ ಲೆಕ್ಕ ಮತ್ತೆ ಹಾಕಲು ಒಂದು ಸಂಜೆ ಸಾಕು.